ಆರೋಪ ಹೊರಿಸುವ ಮುನ್ನ: ಡಿಸ್ಚಾರ್ಜ್ ಅರ್ಜಿಯನ್ನು ಅಳೆಯುವ ಬಗೆ



ಕ್ರಿಮಿನಲ್ ಮೊಕದ್ದಮೆಯಲ್ಲಿ ಊರಿನವರ ಕಣ್ಣು ಮೂರು ಕಡೆ ಇರುತ್ತದೆ. ಬಂಧನ ಆಯಿತೆ, ಜಾಮೀನು ಸಿಕ್ಕಿತೆ, ಕೊನೆಗೆ ತೀರ್ಪು ಏನಾಯಿತು. ಇವುಗಳ ನಡುವೆ ಇನ್ನೊಂದು ದಿನ ಬರುತ್ತದೆ. ಅಂದು ನ್ಯಾಯಾಧೀಶರು ಪೊಲೀಸರ ಕಾಗದಗಳನ್ನು ಮುಂದಿಟ್ಟುಕೊಂಡು ಈ ವ್ಯಕ್ತಿಯನ್ನು ವಿಚಾರಣೆಗೆ ನಿಲ್ಲಿಸಬೇಕೆ, ಬೇಡವೆ ಎಂದು ತೀರ್ಮಾನಿಸಬೇಕು. ಬೇಡ ಎಂದರೆ ಅದು ಡಿಸ್ಚಾರ್ಜ್. ಬೇಕು ಎಂದರೆ ಆರೋಪ ಹೊರಿಸಿ, ಓದಿ ಹೇಳಿ, ಒಪ್ಪುತ್ತೀಯೋ ಇಲ್ಲವೋ ಎಂದು ಕೇಳುತ್ತಾರೆ. ಅಲ್ಲಿಂದ ಮುಂದೆ ಆ ವ್ಯಕ್ತಿ ವಾಯಿದೆಯಿಂದ ವಾಯಿದೆಗೆ ವರ್ಷಗಟ್ಟಲೆ ಅಲೆಯುತ್ತಾನೆ. ಕೊನೆಗೆ ಖುಲಾಸೆಯಾದರೂ ಆ ವರ್ಷಗಳು ಮರಳಿ ಬರುವುದಿಲ್ಲ. ಆದ್ದರಿಂದಲೇ ಈ ಒಂದು ದಿನದ ಬಗ್ಗೆ ಇವತ್ತಿನ ಉಪನ್ಯಾಸವನ್ನೆಲ್ಲ ಮೀಸಲಿಡಲು ಮನಸ್ಸು ಮಾಡಿದ್ದೇನೆ.

ಈ ಅಧಿಕಾರ ನಮ್ಮ ಸೆಷನ್ಸ್ ನ್ಯಾಯಾಲಯಕ್ಕೆ ಹೇಗೆ ಬಂತು ಎಂಬುದನ್ನು ಮೊದಲು ನೋಡೋಣ. 1898ರ ಹಳೆಯ ಸಂಹಿತೆಯಲ್ಲಿ ಕೊಲೆಯಂಥ ದೊಡ್ಡ ಪ್ರಕರಣ ಸೆಷನ್ಸ್‌ಗೆ ಹೋಗುವ ಮೊದಲು ಮ್ಯಾಜಿಸ್ಟ್ರೇಟರ ಮುಂದೆಯೇ ಒಂದು ವಿಚಾರಣೆ ನಡೆಯುತ್ತಿತ್ತು. ಅವರು ಸಾಕ್ಷಿಗಳನ್ನು ಕೇಳಿ, ಪ್ರಕರಣದಲ್ಲಿ ಹುರುಳಿದ್ದರೆ ಮಾತ್ರ ಮೇಲಕ್ಕೆ ಒಪ್ಪಿಸುತ್ತಿದ್ದರು. ಇದರಿಂದ ಒಂದೇ ಸಾಕ್ಷಿ ಎರಡು ಸಲ ಕಟಕಟೆ ಹತ್ತಬೇಕಾಗುತ್ತಿತ್ತು, ಕಾಲವೂ ಹಾಳಾಗುತ್ತಿತ್ತು. 1973ರ ಸಂಹಿತೆ ಆ ವಿಚಾರಣೆಯನ್ನು ಕೈಬಿಟ್ಟಿತು. ಮ್ಯಾಜಿಸ್ಟ್ರೇಟರು ಇನ್ನು ಕಾಗದಗಳನ್ನು ನೋಡಿ ಪ್ರಕರಣವನ್ನು ಕಮಿಟ್ ಮಾಡಿದರೆ ಸಾಕು. ಆದರೆ ಹುರುಳಿಲ್ಲದ ಪ್ರಕರಣವನ್ನು ತಡೆಯುವವರು ಯಾರಾದರೂ ಇರಲೇಬೇಕಲ್ಲ? ಆ ಕೆಲಸವನ್ನು 227ನೆಯ ಕಲಮಿನ ಮೂಲಕ ಸೆಷನ್ಸ್ ನ್ಯಾಯಾಧೀಶರಿಗೆ ವಹಿಸಲಾಯಿತು. ಅಂದರೆ ಡಿಸ್ಚಾರ್ಜ್ ಎನ್ನುವುದು ಆರೋಪಿಗೆ ಕಾನೂನು ತೋರಿದ ಔದಾರ್ಯವಲ್ಲ. ಮೊದಲು ಆರೋಪಿಗಿದ್ದ ಒಂದು ರಕ್ಷಣೆಯನ್ನು ತೆಗೆದದ್ದಕ್ಕೆ ಪ್ರತಿಯಾಗಿ ಕೊಟ್ಟ ರಕ್ಷಣೆ ಅದು. ಅರ್ಜಿಯನ್ನು ಕಾಲಹರಣದ ಉಪಾಯ ಎಂದು ಕಾಣುವವರು ಈ ಹಿನ್ನೆಲೆಯನ್ನು ಮರೆಯಬಾರದು.

2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಹಳೆಯ 227 ಈಗ 250 ಆಗಿದೆ. ಪೊಲೀಸ್ ವರದಿಯ ಮೇಲೆ ಮ್ಯಾಜಿಸ್ಟ್ರೇಟರು ನಡೆಸುವ ವಾರಂಟ್ ಪ್ರಕರಣಗಳಿಗೆ ಇದ್ದ 239 ಈಗ 262. ಹೊಸದಾಗಿ ಬಂದಿರುವುದು ಕಾಲಮಿತಿ. ಸೆಷನ್ಸ್ ಪ್ರಕರಣದಲ್ಲಿ ಕಮಿಟ್ ಆದ ದಿನದಿಂದ 60 ದಿನಗಳೊಳಗೆ, ಮ್ಯಾಜಿಸ್ಟ್ರೇಟರ ಪ್ರಕರಣದಲ್ಲಿ 230ನೆಯ ಕಲಮಿನಂತೆ ಕಾಗದಗಳ ನಕಲು ಕೈಸೇರಿದ ದಿನದಿಂದ 60 ದಿನಗಳೊಳಗೆ ಆರೋಪಿ ಅರ್ಜಿ ಹಾಕಬಹುದು. ಆರೋಪ ಹೊರಿಸುವುದಕ್ಕೂ ಆ ವಿಷಯದ ಮೊದಲ ವಿಚಾರಣೆಯ ದಿನದಿಂದ 60 ದಿನಗಳ ಗಡುವಿದೆ.

ಇಲ್ಲಿ ಕಿರಿಯ ವಕೀಲರು ಗಮನಿಸಲೇಬೇಕಾದ ಒಂದು ಸಂಗತಿ ಇದೆ. 60 ದಿನಗಳ ಮಾತು ಇರುವುದು 250ನೆಯ ಕಲಮಿನ ಮೊದಲ ಉಪಕಲಮಿನಲ್ಲಿ. ದಾಖಲೆಗಳನ್ನು ಪರಿಶೀಲಿಸಿ, ಎರಡೂ ಕಡೆಯವರ ಮಾತು ಕೇಳಿ, ಮುಂದುವರಿಯಲು ಸಾಕಷ್ಟು ಆಧಾರವಿಲ್ಲ ಎನಿಸಿದರೆ ನ್ಯಾಯಾಧೀಶರು ಆರೋಪಿಯನ್ನು ಬಿಡತಕ್ಕದ್ದು, ಅದಕ್ಕೆ ಕಾರಣಗಳನ್ನು ಬರೆಯತಕ್ಕದ್ದು ಎಂಬ ಕರ್ತವ್ಯ ಇರುವುದು ಎರಡನೆಯ ಉಪಕಲಮಿನಲ್ಲಿ. ಆ ಕರ್ತವ್ಯ ಅರ್ಜಿಯನ್ನು ಅವಲಂಬಿಸಿಲ್ಲ. ವಕೀಲರಿಲ್ಲದ ಬಡವನೊಬ್ಬ ಅರ್ಜಿಯನ್ನೇ ಹಾಕದಿದ್ದರೂ, ಗಡುವು ಮೀರಿ ಹಾಕಿದ್ದರೂ, ಕಾಗದಗಳಲ್ಲಿ ಅವನ ವಿರುದ್ಧ ಏನೂ ಇಲ್ಲದಿದ್ದರೆ ಅವನ ಮೇಲೆ ಆರೋಪ ಹೊರಿಸುವಂತಿಲ್ಲ ಎಂದು ನಾನು ಆ ಕಲಮನ್ನು ಓದುತ್ತೇನೆ. ಹಾಗೆಂದು ಗಡುವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಮಿಟ್ ಆದ ದಿನವನ್ನು ಡೈರಿಯಲ್ಲಿ ಗುರುತು ಹಾಕಿಕೊಳ್ಳಿ.

ಇನ್ನು ಮುಖ್ಯ ಪ್ರಶ್ನೆಗೆ ಬರುತ್ತೇನೆ. ನ್ಯಾಯಾಧೀಶರು ಆ ದಿನ ಏನನ್ನು ಅಳೆಯುತ್ತಾರೆ?

ಆರೋಪಿ ತಪ್ಪಿತಸ್ಥನೆ ಎಂದಲ್ಲ, ನಿರ್ದೋಷಿಯೆ ಎಂದೂ ಅಲ್ಲ. ಪ್ರಾಸಿಕ್ಯೂಷನ್ ತಂದಿಟ್ಟ ಕಾಗದಗಳಲ್ಲಿ ಸಾಕ್ಷಿಗಳು ಹೇಳಿರುವುದೆಲ್ಲ ಅಕ್ಷರಶಃ ನಿಜ ಎಂದೇ ಇಟ್ಟುಕೊಂಡರೆ, ಅಪರಾಧದ ಎಲ್ಲ ಅಂಗಗಳೂ ಈ ವ್ಯಕ್ತಿಯ ಮಟ್ಟಿಗೆ ತುಂಬುತ್ತವೆಯೆ? ಅಳೆಯಬೇಕಾದದ್ದು ಅದನ್ನು. ತುಂಬದಿದ್ದರೆ ಡಿಸ್ಚಾರ್ಜ್. ತುಂಬುವಂತಿದ್ದರೆ, ಅಥವಾ ತುಂಬಿರಬಹುದು ಎಂಬ ಗಂಭೀರ ಅನುಮಾನ ಏಳುವಂತಿದ್ದರೆ, ವಿಚಾರಣೆ.

1977ರಲ್ಲಿ ಬಿಹಾರ ರಾಜ್ಯ ವಿರುದ್ಧ ರಮೇಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಹಂತದಲ್ಲಿ ಬಲವಾದ ಅನುಮಾನವೇ ಸಾಕು, ಶಿಕ್ಷೆ ಕೊಡುವಾಗ ಬೇಕಾಗುವ ರುಜುವಾತಿನ ಮಟ್ಟವನ್ನು ಇಲ್ಲಿ ಕೇಳಬಾರದು ಎಂದಿತು. ಇದನ್ನಷ್ಟೇ ಹಿಡಿದರೆ ಯಾರೂ ಬಿಡುಗಡೆಯಾಗಲಾರರು ಅನ್ನಿಸುತ್ತದೆ. ಮರುವರ್ಷ, 1978ರಲ್ಲಿ, ಒಡಿಶಾದ ಭೂಸ್ವಾಧೀನ ಪರಿಹಾರಕ್ಕೆ ಸಂಬಂಧಿಸಿದ ಪ್ರಫುಲ್ಲ ಕುಮಾರ್ ಸಮಲ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಅಳತೆಯನ್ನು ಪೂರ್ತಿ ಮಾಡಿತು. ನ್ಯಾಯಾಧೀಶರು ಪ್ರಾಸಿಕ್ಯೂಷನ್‌ನ ಅಂಚೆ ಕಚೇರಿಯಂತೆ ಬಂದದ್ದನ್ನು ಮೊಹರು ಹಾಕಿ ಕಳಿಸುವವರಲ್ಲ. ಸೀಮಿತ ಉದ್ದೇಶಕ್ಕಾಗಿ ಸಾಕ್ಷ್ಯವನ್ನು ಜರಡಿ ಹಿಡಿಯುವ, ತೂಗುವ ಅಧಿಕಾರ ಅವರಿಗಿದೆ. ಎರಡು ಅಭಿಪ್ರಾಯಗಳೂ ಸಮಾನವಾಗಿ ಸಾಧ್ಯವಿದ್ದು, ಹುಟ್ಟುವ ಅನುಮಾನ ಕೇವಲ ಅನುಮಾನವೇ ಹೊರತು ಗಂಭೀರ ಅನುಮಾನ ಅಲ್ಲದಿದ್ದರೆ ಬಿಟ್ಟುಬಿಡಬಹುದು. ಆದರೆ ವಿಚಾರಣೆಯೇ ನಡೆಯುತ್ತಿದೆಯೇನೋ ಎಂಬಂತೆ ಸಾಕ್ಷ್ಯದ ಒಳಿತು ಕೆಡುಕುಗಳನ್ನು ಕೆದಕಲು ಇಳಿಯಬಾರದು. ಆ ಪ್ರಕರಣದಲ್ಲಿ ಕೆಳಗಿನ ನ್ಯಾಯಾಲಯ ಮಾಡಿದ ಡಿಸ್ಚಾರ್ಜ್ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಎರಡು ತೀರ್ಪುಗಳನ್ನೂ ಒಟ್ಟಿಗೆ ಇಟ್ಟು ಓದಬೇಕು. ಸರ್ಕಾರಿ ಅಭಿಯೋಜಕರು ಮೊದಲನೆಯದನ್ನು, ಆರೋಪಿಯ ವಕೀಲರು ಎರಡನೆಯದನ್ನು ಮಾತ್ರ ಓದಿ ಹೇಳುವ ವಾಡಿಕೆ ನಮ್ಮ ನ್ಯಾಯಾಲಯಗಳಲ್ಲಿದೆ. ಹೀಗೆ ವಾದ ನಡೆದರೆ ಪುಸ್ತಕಕ್ಕೂ ಪುಸ್ತಕಕ್ಕೂ ಜಗಳವಾಗುತ್ತದೆ, ಕಡತವನ್ನು ಬಿಚ್ಚುವವರೇ ಇರುವುದಿಲ್ಲ.

ಕಡತ ಬಿಚ್ಚಿ ನೋಡುವುದು ಹೇಗೆ ಎಂದು ತೋರಿಸಲು ಒಂದು ಪ್ರಕರಣವನ್ನು ಕಟ್ಟಿಕೊಂಡಿದ್ದೇನೆ. ಇದು ಈ ಉಪನ್ಯಾಸಕ್ಕಾಗಿಯೇ ಕಟ್ಟಿದ್ದು. ಇದರಲ್ಲಿರುವ ಯಾರೂ ನಿಜವಾದ ವ್ಯಕ್ತಿಗಳಲ್ಲ.

ಹಾವೇರಿ ಜಿಲ್ಲೆಯ ಒಂದು ಹಳ್ಳಿ. ದಾಯಾದಿಗಳ ನಡುವೆ ಹೊಲದ ಬದುವಿನ ಬಗ್ಗೆ ಸಿವಿಲ್ ದಾವೆ ನಡೆಯುತ್ತಿದೆ. ಒಂದು ಸಂಜೆ ಕಣದಲ್ಲಿ ಹೊಡೆದಾಟವಾಗಿ ಒಬ್ಬ ಸಾಯುತ್ತಾನೆ. ಐವರ ಮೇಲೆ ದೋಷಾರೋಪಣಾ ಪಟ್ಟಿ ಬರುತ್ತದೆ. ಕೊಲೆ, ಅಪರಾಧಿಕ ಒಳಸಂಚು, ಸಮಾನ ಉದ್ದೇಶ, ಅಂದರೆ ಭಾರತೀಯ ನ್ಯಾಯ ಸಂಹಿತೆಯ 103, 61 ಮತ್ತು 3(5). ಒಂದನೆಯ ಆರೋಪಿ ಕುಡಗೋಲು ಬೀಸಿದ, ಎರಡನೆಯವನು ಬಡಿಗೆಯಿಂದ ಹೊಡೆದ, ಮೂರನೆಯವನು ಕೈ ಹಿಡಿದುಕೊಂಡ ಎಂದು ಇಬ್ಬರು ಪ್ರತ್ಯಕ್ಷ ಸಾಕ್ಷಿಗಳು ಹೇಳುತ್ತಾರೆ. ನಾಲ್ಕನೆಯವನು ರಸ್ತೆಯಲ್ಲಿ ಬೈಕು ಚಾಲೂ ಇಟ್ಟುಕೊಂಡು ನಿಂತಿದ್ದ, ಆಮೇಲೆ ಒಂದನೆಯವನನ್ನು ಹತ್ತಿಸಿಕೊಂಡು ಹೋದ ಎನ್ನುತ್ತಾನೆ ಇನ್ನೊಬ್ಬ ಸಾಕ್ಷಿ. ಐದನೆಯವನು ಒಂದನೆಯವನ ಅಣ್ಣ. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಕೆಲಸ. ಅವನು ಸ್ಥಳದಲ್ಲಿದ್ದ ಎಂದು ಯಾರೂ ಹೇಳುವುದಿಲ್ಲ. ಒಳಸಂಚಿನ ರೂವಾರಿ ಎಂದು ಅವನನ್ನು ಸೇರಿಸಿದ್ದಾರೆ. ಅವನ ಪರವಾಗಿ ನೀವು ಡಿಸ್ಚಾರ್ಜ್ ಅರ್ಜಿ ಹಾಕಬೇಕು.

ಮೊದಲು ಮಾಡಬೇಕಾದದ್ದು, ದೋಷಾರೋಪಣಾ ಪಟ್ಟಿಯಲ್ಲಿ ತನಿಖಾಧಿಕಾರಿ ಪ್ರಕರಣದ ಸಂಕ್ಷಿಪ್ತ ಸಂಗತಿ ಎಂದು ಬರೆದಿರುವ ಭಾಗವನ್ನು ಪಕ್ಕಕ್ಕಿಡುವುದು. ಅಲ್ಲಿ ಐದನೆಯ ಆರೋಪಿ ಸಂಚು ರೂಪಿಸಿ, ಕುಮ್ಮಕ್ಕು ನೀಡಿ, ಕೊಲೆ ಮಾಡಿಸಿರುತ್ತಾನೆ ಎಂದು ಗಟ್ಟಿಯಾಗಿ ಬರೆದಿರುತ್ತದೆ. ಅದು ಅಧಿಕಾರಿಯ ತೀರ್ಮಾನ. ಸಾಕ್ಷ್ಯವೆಲ್ಲ ನಿಜ ಎಂದು ಇಟ್ಟುಕೊಳ್ಳಬೇಕು ಎಂದ ಮಾತ್ರಕ್ಕೆ ಅಧಿಕಾರಿಯ ತೀರ್ಮಾನವನ್ನೂ ನಿಜ ಎಂದು ಇಟ್ಟುಕೊಳ್ಳಬೇಕಾಗಿಲ್ಲ. ನನ್ನ ಅನುಭವದಲ್ಲಿ ತಪ್ಪು ಆದೇಶಗಳಲ್ಲಿ ಬಹುಪಾಲು ಹುಟ್ಟುವುದು ಈ ಒಂದು ಗೊಂದಲದಿಂದ. ಆದೇಶದಲ್ಲಿ ಆ ಸಂಕ್ಷಿಪ್ತ ಸಂಗತಿಯನ್ನೇ ಯಥಾವತ್ತಾಗಿ ಇಳಿಸಿ, ಆದ್ದರಿಂದ ಮೇಲ್ನೋಟಕ್ಕೆ ಪ್ರಕರಣ ಕಂಡುಬರುತ್ತದೆ ಎಂದು ಮುಗಿಸಿರುತ್ತಾರೆ.

ಆಮೇಲೆ ಕಡತದ ಪುಟಗಳಲ್ಲಿ ಐದನೆಯವನ ಹೆಸರು ಬರುವ ಜಾಗಗಳನ್ನೆಲ್ಲ ಗುರುತು ಹಾಕಿಕೊಳ್ಳಿ. ನಮ್ಮ ಪ್ರಕರಣದಲ್ಲಿ ಹುಡುಕಿದಾಗ ಸಿಗುವುದು ಇಷ್ಟು. ಮೃತನ ಹೆಂಡತಿ ಕೊಟ್ಟ ಮೊದಲ ದೂರಿನಲ್ಲಿ ಅವನ ಹೆಸರಿಲ್ಲ. ಹನ್ನೆರಡು ದಿನಗಳ ನಂತರ ಪಡೆದ ಮರುಹೇಳಿಕೆಯಲ್ಲಿ ಇದೆಲ್ಲ ಅವನ ಕುಮ್ಮಕ್ಕಿನಿಂದಲೇ ನಡೆದಿರಬೇಕೆಂದು ನನಗೆ ಸಂಶಯವಿದೆ ಎಂದು ಆಕೆ ಹೇಳಿದ್ದಾಳೆ. ಒಂದನೆಯ ಆರೋಪಿ ಠಾಣೆಯಲ್ಲಿ ಕೊಟ್ಟ ಸ್ವಇಚ್ಛಾ ಹೇಳಿಕೆಯಲ್ಲಿ ನಮ್ಮಣ್ಣ ಹೇಳಿದ್ದಕ್ಕೇ ಹೊಡೆದೆ ಎಂದಿದೆ. ಘಟನೆಯ ಹಿಂದಿನ ದಿನ ಅಣ್ಣತಮ್ಮಂದಿರ ನಡುವೆ ಆರು ಫೋನ್ ಕರೆಗಳಾಗಿವೆ ಎಂದು ಕರೆ ವಿವರ ತೋರಿಸುತ್ತದೆ. ಸಿವಿಲ್ ದಾವೆಯಲ್ಲಿ ಐದನೆಯವನೇ ವಾದಿ.

ಒಂದೊಂದನ್ನೂ ನಂಬಿಯೇ ನೋಡೋಣ. ಹೆಂಡತಿಯ ಮಾತನ್ನು ಪೂರ್ತಿ ನಂಬಿದರೆ ಏನು ರುಜುವಾತಾಗುತ್ತದೆ? ಆಕೆಗೆ ಸಂಶಯವಿದೆ ಎಂಬುದು. ತಾನು ಕಂಡದ್ದು, ಕೇಳಿದ್ದು ಎಂದು ಆಕೆ ಏನನ್ನೂ ಹೇಳಿಲ್ಲ. ಗಂಡನನ್ನು ಕಳೆದುಕೊಂಡವಳ ಸಂಶಯಕ್ಕೆ ನಾವು ಮರುಗಬಹುದು, ಮರುಗಬೇಕು. ಆದರೆ ಅದು ನಾಳೆ ಕಟಕಟೆಯಲ್ಲಿ ಸಾಕ್ಷ್ಯವಾಗುವುದಿಲ್ಲ. ತಮ್ಮನ ಸ್ವಇಚ್ಛಾ ಹೇಳಿಕೆ ಪೊಲೀಸರ ಮುಂದಿನ ತಪ್ಪೊಪ್ಪಿಗೆ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮು ಅದನ್ನು ಹೇಳಿದವನ ವಿರುದ್ಧವೇ ಬಳಸಲು ಬಿಡುವುದಿಲ್ಲ, ಇನ್ನು ಅಣ್ಣನ ವಿರುದ್ಧ ಬಳಸುವುದೆಲ್ಲಿ? ಆ ಹೇಳಿಕೆಯಿಂದ ಕುಡಗೋಲು ಪತ್ತೆಯಾಗಿದ್ದರೆ ಪತ್ತೆಗೆ ಸಂಬಂಧಿಸಿದಷ್ಟು ಭಾಗ ಉಳಿಯುತ್ತದೆ, ಅದೂ ತೋರಿಸಿಕೊಟ್ಟವನಿಗೆ ಅಂಟುತ್ತದೆ. ಕರೆ ವಿವರವನ್ನು ನಂಬಿದರೆ ಅವರಿಬ್ಬರೂ ಮಾತಾಡಿದರು ಎಂದು ಗೊತ್ತಾಗುತ್ತದೆ, ಏನು ಮಾತಾಡಿದರು ಎಂದು ಗೊತ್ತಾಗುವುದಿಲ್ಲ. ದಾವೆ ಇದ್ದದ್ದು ದ್ವೇಷಕ್ಕೆ ಕಾರಣ ತೋರಿಸುತ್ತದೆ. ಆ ಕಾರಣ ಮನೆಯ ಎಲ್ಲರಿಗೂ ಇದೆ.

ಒಳಸಂಚಿನ ಜೀವಾಳ ಒಪ್ಪಂದ. ಇಬ್ಬರು ಸೇರಿ ಅಪರಾಧ ಮಾಡೋಣ ಎಂದು ಒಪ್ಪಿಕೊಂಡದ್ದು. ಇಷ್ಟೆಲ್ಲವನ್ನೂ ನಿಜ ಎಂದೇ ಒಪ್ಪಿದ ಮೇಲೂ ಆ ಒಪ್ಪಂದದ ಜಾಗ ಖಾಲಿ ಉಳಿಯುತ್ತದೆ. ಇಲ್ಲಿ ಡಿಸ್ಚಾರ್ಜ್ ಆಗಬೇಕು.

ಇಂಥದೇ ಸ್ಥಿತಿ 2019ರಲ್ಲಿ ಗುಜರಾತಿನ ದೀಪಕ್‌ಭಾಯಿ ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ನಕಲಿ ನೋಟುಗಳು ಬೇರೊಬ್ಬನ ಬಳಿ ಸಿಕ್ಕಿದ್ದವು. ಅರ್ಜಿದಾರನ ವಿರುದ್ಧ ಇದ್ದದ್ದು ಸಹ ಆರೋಪಿಯ ಹೇಳಿಕೆ ಮತ್ತು ಪೊಲೀಸರ ಮುಂದೆ ಅವನದೇ ಹೇಳಿಕೆ. ಗಂಭೀರ ಅನುಮಾನವೂ ಕಾನೂನು ಒಪ್ಪುವ ಸಾಕ್ಷ್ಯವಾಗಿ ಮಾರ್ಪಡಬಲ್ಲ ಯಾವುದಾದರೂ ಸಾಮಗ್ರಿಯ ಮೇಲೆ ನಿಂತಿರಬೇಕು ಎಂದು ಹೇಳಿ ನ್ಯಾಯಾಲಯ ಅವನನ್ನು ಬಿಟ್ಟಿತು. ವಿಚಾರಣೆ ಮುಗಿಯುವವರೆಗೆ ಕಾದರೂ ಸಾಕ್ಷ್ಯವಾಗದ ಕಾಗದವೊಂದು ಇವತ್ತು ಮಾತ್ರ ಸಾಕ್ಷ್ಯದ ಕೆಲಸ ಮಾಡಲಾರದು.

ಈಗ ಅದೇ ಪ್ರಕರಣದಲ್ಲಿ ಒಂದೇ ಒಂದು ಪುಟವನ್ನು ಸೇರಿಸೋಣ. ಊರ ಬಸ್ ನಿಲ್ದಾಣದ ಚಹಾ ಅಂಗಡಿಯವನು ಒಂಬತ್ತನೆಯ ಸಾಕ್ಷಿ. ಘಟನೆಗೆ ಮೂರು ದಿನ ಮೊದಲು ಐದನೆಯವನು ನನ್ನ ಅಂಗಡಿಯಲ್ಲಿ ಕೂತು ತಮ್ಮನಿಗೆ, ಅವನನ್ನು ಮುಗಿಸಿಬಿಡು, ಮುಂದಿನ ಖರ್ಚೆಲ್ಲ ನಾನು ನೋಡಿಕೊಳ್ಳುತ್ತೇನೆ ಎಂದದ್ದನ್ನು ನಾನೇ ಕೇಳಿದೆ ಎಂದು ಅವನು ಹೇಳಿಕೆ ಕೊಟ್ಟಿದ್ದಾನೆ. ಆ ಹೇಳಿಕೆ ದಾಖಲಾದದ್ದು ಇಪ್ಪತ್ತು ದಿನಗಳ ಮೇಲೆ. ಅವನು ಮೃತನ ದೂರದ ನೆಂಟ ಬೇರೆ. ನಿಮ್ಮ ಕಕ್ಷಿದಾರನ ಕೈಯಲ್ಲಿ ಆ ದಿನ ತಾನು ಹುಬ್ಬಳ್ಳಿಯ ಗ್ಯಾರೇಜಿನಲ್ಲೇ ಇದ್ದೆ ಎಂದು ತೋರಿಸುವ ಹಾಜರಿ ಪುಸ್ತಕವೂ ಇದೆ.

ಬಿಡುಗಡೆ ಸಿಗುವುದಿಲ್ಲ. ತಡವಾದ ಹೇಳಿಕೆ, ನೆಂಟಸ್ತನ, ಹಾಜರಿ ಪುಸ್ತಕ, ಇವೆಲ್ಲ ಬಲವಾದ ಅಂಶಗಳೇ. ಚಹಾ ಅಂಗಡಿಯವನನ್ನು ಪಾಟೀಸವಾಲಿನಲ್ಲಿ ಇವುಗಳಿಂದ ಮುರಿಯಬಹುದು, ಕೊನೆಗೆ ಖುಲಾಸೆಯೂ ಆಗಬಹುದು. ಆದರೆ ಇವೆಲ್ಲವೂ ಅವನ ಮಾತನ್ನು ನಂಬಬೇಕೆ ಎಂಬ ಪ್ರಶ್ನೆಗೆ ಸೇರಿದವು. ಈ ಹಂತದಲ್ಲಿ ಅವನನ್ನು ನಂಬಿದ್ದೇವೆ ಎಂದೇ ಹೊರಟಿದ್ದೇವೆ. ನಂಬಿದರೆ ಒಪ್ಪಂದದ ಖಾಲಿ ಜಾಗ ತುಂಬಿತು. ನಾಲ್ಕನೆಯವನ ಸಂಗತಿಯೂ ಹೀಗೆಯೇ. ಬೈಕು ಚಾಲೂ ಇಟ್ಟುಕೊಂಡು ನಿಂತದ್ದಕ್ಕೆ ಬೇರೆ ವಿವರಣೆ ಇರಬಹುದು. ಆದರೆ ಹೊಡೆದವನನ್ನು ಒಡನೆಯೇ ಹತ್ತಿಸಿಕೊಂಡು ಹೋದದ್ದರಿಂದ ಅನುಮಾನ ಗಂಭೀರವೇ ಆಗುತ್ತದೆ. ನಾನು ನ್ಯಾಯಾಧೀಶನಾಗಿದ್ದರೆ ಅವನ ಮೇಲೆ ಆರೋಪ ಹೊರಿಸುತ್ತಿದ್ದೆ.

ಆರೋಪಿ ತನ್ನ ಕಾಗದಗಳನ್ನು ಈ ಹಂತದಲ್ಲಿ ತರಬಹುದೆ ಎಂಬುದು ಬಹಳ ಕಾಲ ಚರ್ಚೆಯಲ್ಲಿತ್ತು. 1996ರ ಸತೀಶ್ ಮೆಹ್ರಾ ತೀರ್ಪು ಬಾಗಿಲು ಸ್ವಲ್ಪ ತೆರೆದಿತ್ತು. 2004ರ ನವೆಂಬರಿನಲ್ಲಿ ಒಡಿಶಾ ರಾಜ್ಯ ವಿರುದ್ಧ ದೇವೇಂದ್ರನಾಥ್ ಪಾಢಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮುಚ್ಚಿತು. ಕಲಮಿನಲ್ಲಿ ಹೇಳಿರುವ ಪ್ರಕರಣದ ದಾಖಲೆ ಎಂದರೆ ಪ್ರಾಸಿಕ್ಯೂಷನ್ ಹಾಜರುಪಡಿಸಿದ ದಾಖಲೆ, ಆರೋಪಿ ತಂದದ್ದಲ್ಲ ಎಂದಿತು. ಇದು ಆರೋಪಿಗೆ ಕಠಿಣವೆನಿಸಿದರೂ ನನಗೆ ಸರಿ ಅನ್ನಿಸುತ್ತದೆ. ಇಲ್ಲವಾದರೆ ಸಾಕ್ಷಿಗಳಿಲ್ಲದ ಒಂದು ಅರೆ ವಿಚಾರಣೆ ಮೊದಲು, ಪೂರ್ತಿ ವಿಚಾರಣೆ ಆಮೇಲೆ ನಡೆಯುತ್ತದೆ. 1973ರಲ್ಲಿ ಕೈಬಿಟ್ಟ ಹಳೆಯ ಪದ್ಧತಿಯೇ ಹಿಂಬಾಗಿಲಿನಿಂದ ಬಂದಂತೆ.

ಆದರೆ ತನಿಖಾಧಿಕಾರಿ ತಾನೇ ಸಂಗ್ರಹಿಸಿದ, ಆರೋಪಿಗೆ ಅನುಕೂಲವಾದ ಕಾಗದವನ್ನು ಬಚ್ಚಿಟ್ಟು ದೋಷಾರೋಪಣಾ ಪಟ್ಟಿ ಹಾಕಿದರೆ? ಕರ್ನಾಟಕದಿಂದ ಹೋದ ನಿತ್ಯ ಧರ್ಮಾನಂದ ಪ್ರಕರಣದಲ್ಲಿ 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿತು. ಸಾಮಾನ್ಯವಾಗಿ ದೋಷಾರೋಪಣಾ ಪಟ್ಟಿಯ ಜೊತೆ ಬಂದ ಸಾಮಗ್ರಿಯನ್ನೇ ನೋಡಬೇಕು. ಆದರೆ ಪ್ರಶ್ನಿಸಲಾಗದಷ್ಟು ಅಪ್ಪಟ ಗುಣಮಟ್ಟದ ಸಾಮಗ್ರಿಯನ್ನು ತನಿಖಾಧಿಕಾರಿಯೋ ಪ್ರಾಸಿಕ್ಯೂಟರರೋ ತಡೆಹಿಡಿದಿದ್ದಾರೆ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಅದನ್ನು ತರಿಸಿಕೊಳ್ಳಲು ಅಡ್ಡಿಯಿಲ್ಲ. ಪೊಲೀಸರೇ ವಶಪಡಿಸಿಕೊಂಡ ಸಿಸಿಟಿವಿ ದೃಶ್ಯವನ್ನು ಪಟ್ಟಿಯಲ್ಲಿ ಸೇರಿಸದಿದ್ದಾಗ ಈ ಮಾತನ್ನು ಎತ್ತಬಹುದು. ಕಕ್ಷಿದಾರ ತಂದುಕೊಟ್ಟ ಪ್ರಮಾಣಪತ್ರಕ್ಕೆ ಇದನ್ನು ಹಿಗ್ಗಿಸಲು ಹೋಗಬೇಡಿ.

ಇನ್ನೊಂದು ಕರ್ನಾಟಕದ ಪ್ರಕರಣವನ್ನು ಹೇಳಲೇಬೇಕು. ಕಾನೂನು ಒಪ್ಪದ ಸಾಕ್ಷ್ಯಕ್ಕೂ, ಇನ್ನೂ ಕ್ರಮಬದ್ಧವಾಗದ ಸಾಕ್ಷ್ಯಕ್ಕೂ ಇರುವ ವ್ಯತ್ಯಾಸ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಕರ್ನಾಟಕ ರಾಜ್ಯ ವಿರುದ್ಧ ಎಂ.ಆರ್. ಹಿರೇಮಠ, 2019ರ ಮೇ 1ರ ತೀರ್ಪು. ಲೋಕಾಯುಕ್ತ ಪೊಲೀಸರು ದಾಖಲಿಸಿದ ಲಂಚದ ಆರೋಪ. ದೂರುದಾರರಿಗೆ ಗುಪ್ತ ಕ್ಯಾಮೆರಾ ಕೊಟ್ಟು ಮಾತುಕತೆಯನ್ನು ದಾಖಲಿಸಿಕೊಳ್ಳಲಾಗಿತ್ತು. ಆದರೆ ವಿದ್ಯುನ್ಮಾನ ದಾಖಲೆಗೆ ಬೇಕಾದ 65ಬಿ ಪ್ರಮಾಣಪತ್ರ ದೋಷಾರೋಪಣಾ ಪಟ್ಟಿಯ ಜೊತೆ ಇರಲಿಲ್ಲ. ವಿಚಾರಣಾ ನ್ಯಾಯಾಲಯ ಡಿಸ್ಚಾರ್ಜ್ ನಿರಾಕರಿಸಿತು. ಹೈಕೋರ್ಟ್ ಪ್ರಮಾಣಪತ್ರವಿಲ್ಲದ ಕೊರತೆಯನ್ನು ಮಾರಕವೆಂದು ಪರಿಗಣಿಸಿ ಆರೋಪಿಯ ಪರ ತೀರ್ಪಿತ್ತಿತು. ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಆ ಪ್ರಮಾಣಪತ್ರದ ಅಗತ್ಯ ಬೀಳುವುದು ದಾಖಲೆಯನ್ನು ವಿಚಾರಣೆಯಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸುವಾಗ, ಅಲ್ಲಿಯವರೆಗೆ ಅದನ್ನು ತರಲು ಪ್ರಾಸಿಕ್ಯೂಷನ್‌ಗೆ ಅವಕಾಶವಿದೆ ಎಂದಿತು.

ಇದನ್ನು ದೀಪಕ್‌ಭಾಯಿ ಪ್ರಕರಣದ ಪಕ್ಕದಲ್ಲಿಟ್ಟು ನೋಡಿ. ಎರಡೂ ಒಂದೇ ವರ್ಷದವು, ಕೆಲವೇ ದಿನಗಳ ಅಂತರದವು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಯಾವತ್ತಿಗೂ ಸಾಕ್ಷ್ಯವಾಗದು, ಅದನ್ನು ಸರಿಪಡಿಸುವ ದಾರಿಯಿಲ್ಲ. ಪ್ರಮಾಣಪತ್ರವಿಲ್ಲದ ದೃಶ್ಯವನ್ನು ಸರಿಪಡಿಸಬಹುದು. ಡಿಸ್ಚಾರ್ಜ್ ಅರ್ಜಿಯಲ್ಲಿ ಒಂದು ಕೊರತೆಯನ್ನು ಎತ್ತುವ ಮೊದಲು, ಈ ಕೊರತೆಯನ್ನು ನಾಳೆ ತುಂಬಬಹುದೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ತುಂಬಬಹುದಾದರೆ ಅದನ್ನು ಈಗ ಎತ್ತುವುದರಿಂದ ಆಗುವುದು ಒಂದೇ, ಎದುರು ಪಕ್ಷಕ್ಕೆ ಮುನ್ನೆಚ್ಚರಿಕೆ ಕೊಟ್ಟಂತಾಗುತ್ತದೆ. ಈ ಒಂದು ಕಾರಣಕ್ಕೇ ಎಷ್ಟೋ ಅರ್ಜಿಗಳನ್ನು ಹಾಕದಿರುವುದು ಜಾಣತನ. ಅರ್ಜಿಯಲ್ಲಿ ಬಿಚ್ಚಿಟ್ಟ ಪ್ರತಿವಾದವನ್ನು ಸಾಕ್ಷಿ ಕಟಕಟೆಗೆ ಬರುವ ಮೊದಲೇ ಎದುರು ಕಡೆಯವರು ಓದಿರುತ್ತಾರೆ.

ಎಲ್ಲ ಬಗೆಯ ಮೊಕದ್ದಮೆಯಲ್ಲೂ ಈ ಅರ್ಜಿಗೆ ಜಾಗವಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಖಾಸಗಿ ದೂರಿನ ಮೇಲೆ ನಡೆಯುವ ವಾರಂಟ್ ಪ್ರಕರಣಗಳಲ್ಲಿ ಆರೋಪ ಹೊರಿಸುವ ಮೊದಲೇ ದೂರುದಾರನ ಸಾಕ್ಷ್ಯ ನಡೆಯುತ್ತದೆ. ಅದಕ್ಕೆ ಯಾರೂ ಉತ್ತರ ಕೊಡದಿದ್ದರೂ ಶಿಕ್ಷೆಯಾಗುವಷ್ಟು ಬಲ ಅದಕ್ಕಿಲ್ಲದಿದ್ದರೆ 268ನೆಯ ಕಲಮಿನಂತೆ ಬಿಡಬೇಕು. ಚೆಕ್ ಬೌನ್ಸ್ ಪ್ರಕರಣ ಸಮನ್ಸ್ ಪ್ರಕರಣ. ಸಮನ್ಸ್ ಹೊರಡಿಸಿದ ಮೇಲೆ ಮ್ಯಾಜಿಸ್ಟ್ರೇಟರು ತಮ್ಮ ಆದೇಶವನ್ನು ತಾವೇ ಹಿಂತೆಗೆಯಲಾರರು ಎಂದು 2004ರ ಅದಾಲತ್ ಪ್ರಸಾದ್ ತೀರ್ಪು ಹೇಳಿತು. 2021ರಲ್ಲಿ ಚೆಕ್ ಪ್ರಕರಣಗಳ ಕುರಿತ ಸಂವಿಧಾನ ಪೀಠವೂ ಆ ನಿಲುವನ್ನೇ ದೃಢಪಡಿಸಿತು. ಹೊಸ ಸಂಹಿತೆಯ 274ನೆಯ ಕಲಮು, ಸಮನ್ಸ್ ಪ್ರಕರಣದಲ್ಲಿ ಆಪಾದನೆ ಆಧಾರರಹಿತ ಎನಿಸಿದರೆ ಕಾರಣ ಬರೆದು ಆರೋಪಿಯನ್ನು ಬಿಡತಕ್ಕದ್ದು, ಅದಕ್ಕೆ ಡಿಸ್ಚಾರ್ಜ್‌ನ ಪರಿಣಾಮವಿರುತ್ತದೆ ಎಂಬ ಹೊಸ ಮಾತನ್ನು ಸೇರಿಸಿದೆ. ಹಳೆಯ ತೀರ್ಪುಗಳನ್ನು ಉಲ್ಲೇಖಿಸುವಾಗ ಈ ಬದಲಾವಣೆಯನ್ನು ನೋಡಿಕೊಳ್ಳಬೇಕು.

ಆರೋಪ ಹೊರಿಸಿದ ಮೇಲೆ ದಾರಿ ಬದಲಾಗುತ್ತದೆ. ಅಲ್ಲಿಂದ ಹಿಂದಕ್ಕೆ ಹೋಗಿ ಡಿಸ್ಚಾರ್ಜ್ ಮಾಡಲು ಬರುವುದಿಲ್ಲ, ಶಿಕ್ಷೆ ಅಥವಾ ಖುಲಾಸೆಯಲ್ಲೇ ಮುಗಿಯಬೇಕು. ಡಿಸ್ಚಾರ್ಜ್ ನಿರಾಕರಿಸಿದ ಆದೇಶವನ್ನು ಮರುಪರಿಶೀಲನಾ ಅರ್ಜಿಯಲ್ಲಿ ಪ್ರಶ್ನಿಸಬಹುದು. ಅದು ಬರೀ ಮಧ್ಯಂತರ ಆದೇಶವಲ್ಲ ಎಂದು 2021ರ ಸಂಜಯ್ ಕುಮಾರ್ ರಾಯ್ ತೀರ್ಪು ಸ್ಪಷ್ಟಪಡಿಸಿದೆ. ಬಿಡುಗಡೆಯಾದರೂ ಕಕ್ಷಿದಾರನಿಗೆ ಪೂರ್ತಿ ಭರವಸೆ ಕೊಡಬೇಡಿ. ಡಿಸ್ಚಾರ್ಜ್ ಖುಲಾಸೆಯಲ್ಲ. ಸರ್ಕಾರ ಮೇಲಿನ ನ್ಯಾಯಾಲಯಕ್ಕೆ ಹೋಗಬಹುದು. ಹೊಸ ಸಾಮಗ್ರಿ ಸಿಕ್ಕರೆ ಹೆಚ್ಚುವರಿ ದೋಷಾರೋಪಣಾ ಪಟ್ಟಿ ಬರಬಹುದು. ವಿಚಾರಣೆಯ ನಡುವೆ ಸಾಕ್ಷಿಯೊಬ್ಬರು ಅವನ ಪಾತ್ರವನ್ನು ಹೇಳಿದರೆ ಅವನನ್ನು ಮತ್ತೆ ಕರೆಸುವುದೂ ಸಾಧ್ಯ. ಆದರೆ ಒಮ್ಮೆ ಬಿಟ್ಟವನನ್ನು ಹಾಗೆ ನೇರವಾಗಿ ಕರೆಸುವಂತಿಲ್ಲ, ಮೊದಲು ವಿಚಾರಿಸಿ ನೋಡಬೇಕು ಎಂದು 2014ರ ಹರ್ದೀಪ್ ಸಿಂಗ್ ತೀರ್ಪಿನಲ್ಲಿ ಸಂವಿಧಾನ ಪೀಠ ಎಚ್ಚರಿಸಿದೆ.

ಕೊನೆಯದಾಗಿ ಆದೇಶ ಬರೆಯುವ ರೀತಿಯ ಬಗ್ಗೆ ಒಂದು ಮಾತು. ಇದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ವಿಷಯ. ಬಿಡುವಾಗ ಕಾರಣ ಬರೆಯಿರಿ ಎಂದು ಕಲಮು ಹೇಳುತ್ತದೆ. ಆರೋಪ ಹೊರಿಸುವಾಗ ವಿವರವಾದ ಕಾರಣ ಬೇಕಿಲ್ಲ ಎಂದು 2000ದ ಕಾಂತಿ ಭದ್ರ ಶಾ ತೀರ್ಪು ಹೇಳಿತು. ಕೆಳಗಿನ ನ್ಯಾಯಾಲಯಗಳ ಮೇಲಿರುವ ಕೆಲಸದ ಹೊರೆ ಇಳಿಸುವುದು ಅದರ ಉದ್ದೇಶ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಇದರಿಂದ ಆಗಿರುವ ಪರಿಣಾಮವನ್ನೂ ನೋಡಬೇಕು. ಬಿಡುವುದಾದರೆ ಹತ್ತು ಪುಟ ಬರೆಯಬೇಕು, ಬಿಡದಿದ್ದರೆ ಹತ್ತು ಸಾಲು ಸಾಕು ಎಂದಾದರೆ ಕೆಲಸದ ಒತ್ತಡದಲ್ಲಿರುವ ಕೈ ಯಾವ ಕಡೆ ವಾಲುತ್ತದೆ? ಅದರಲ್ಲೂ ಐದು ಮಂದಿ ಆರೋಪಿಗಳಿದ್ದಾಗ ಎಲ್ಲರನ್ನೂ ಸೇರಿಸಿ ಆರೋಪಿಗಳ ವಿರುದ್ಧ ಮೇಲ್ನೋಟದ ಸಾಕ್ಷ್ಯವಿದೆ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದರೆ, ಹುಬ್ಬಳ್ಳಿಯ ಗ್ಯಾರೇಜಿನವನಿಗೂ ಕುಡಗೋಲು ಹಿಡಿದವನಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. 1977ರಲ್ಲೇ ನಮ್ಮ ರಾಜ್ಯದ್ದೇ ಮುನಿಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾರಣ ಬರೆಯುವುದರ ಉದ್ದೇಶವನ್ನು ವಿವರಿಸಿತ್ತು. ಮೇಲಿನ ನ್ಯಾಯಾಲಯ ಆ ಕಾರಣಗಳು ಸರಿಯೆ ಎಂದು ಪರಿಶೀಲಿಸುವಂತಾಗಬೇಕು ಎಂಬುದು ಅದರ ಸಾರ. ಅದೂ ಹಲವು ಆರೋಪಿಗಳ ಒಳಸಂಚಿನ ಪ್ರಕರಣವೇ. ಅವರಲ್ಲಿ ಕೆಲವರ ಮಟ್ಟಿಗೆ ಮೊಕದ್ದಮೆಯನ್ನು ರದ್ದುಪಡಿಸಿದ ನಮ್ಮ ಹೈಕೋರ್ಟಿನ ಆದೇಶ ಸುಪ್ರೀಂ ಕೋರ್ಟಿನಲ್ಲಿ ಉಳಿಯಿತು.

ಆದ್ದರಿಂದ ಇಲ್ಲಿರುವ ಕಿರಿಯ ವಕೀಲರಲ್ಲಿ ನನ್ನ ವಿನಂತಿ ಇಷ್ಟು. ಡಿಸ್ಚಾರ್ಜ್ ಅರ್ಜಿಯಲ್ಲಿ ತೀರ್ಪುಗಳ ಸಾಲನ್ನು ಕಡಿಮೆ ಮಾಡಿ, ನಿಮ್ಮ ಕಕ್ಷಿದಾರನ ಹೆಸರು ಬರುವ ಪ್ರತಿ ಪುಟದ ಸಂಖ್ಯೆ, ಅಲ್ಲಿ ಏನು ಹೇಳಿದೆ, ಅದನ್ನು ನಂಬಿದರೂ ಯಾವ ಅಂಗ ಖಾಲಿ ಉಳಿಯುತ್ತದೆ ಎಂದು ಎರಡು ಪುಟಗಳಲ್ಲಿ ಬರೆದು ಕೊಡಿ. ಅದನ್ನು ಬರೆಯಲು ಸಾಧ್ಯವಾಗದಿದ್ದರೆ ಅರ್ಜಿ ಹಾಕದೆ ವಿಚಾರಣೆಗೆ ಸಿದ್ಧರಾಗಿ. ಸಭೆಯಲ್ಲಿರುವ ನ್ಯಾಯಾಧೀಶರಲ್ಲೂ ಗೌರವಪೂರ್ವಕವಾಗಿ ಒಂದು ಕೋರಿಕೆ. ಅರ್ಜಿಯನ್ನು ವಜಾ ಮಾಡುವಾಗಲೂ ಪ್ರತಿಯೊಬ್ಬ ಆರೋಪಿಗೆ ಪ್ರತ್ಯೇಕವಾಗಿ ಒಂದು ಪ್ಯಾರಾ ಬರೆಯಿರಿ, ಅವನನ್ನು ವಿಚಾರಣೆಗೆ ನಿಲ್ಲಿಸುತ್ತಿರುವುದು ಕಡತದ ಯಾವ ಪುಟದ ಆಧಾರದ ಮೇಲೆ ಎಂದು ಅದರಲ್ಲಿ ಹೇಳಿ.